ಹೊಸ ಫೋನ್ ತಗೊಂಡ ಮೇಲೆ ಹಳಹಳಿ ಯಾಕೆ? ಕೊಳ್ಳುವ ಹಂತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ., ಬಿಬಿಎ ಓದುವವರು ಕೊಳ್ಳುವ ನಿರ್ಧಾರದ ಐದು ಹಂತಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಫೋನ್ ಅಂಗಡಿಯವರಿಗೆ ಅವು ಬಾಯಿಪಾಠ ಇಲ್ಲದೆಯೇ ಗೊತ್ತು. ಈ ಎರಡೂ ಕಡೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಂದೇ ಉದಾಹರಣೆ ಹಿಡಿದು ಉತ್ತರ ಕೊಟ್ಟಿದ್ದೇನೆ.

ಉದಾಹರಣೆ ಇದು. ಇಂಡಿ ತಾಲ್ಲೂಕಿನ ಒಬ್ಬ ಲಿಂಬೆ ಬೆಳೆಗಾರ. ಊರಲ್ಲಿ ಎಲ್ಲರೂ ಕಾಕಾ ಅಂತಾರೆ, ನಾವೂ ಹಾಗೇ ಕರೆಯೋಣ. ಮಗ ವಿಜಯಪುರದಲ್ಲಿ ಡಿಪ್ಲೊಮಾ ಓದುತ್ತಾನೆ. ಕಾಕಾ 15,000 ರೂಪಾಯಿ ಮನಸ್ಸಿನಲ್ಲಿಟ್ಟುಕೊಂಡು ವಿಜಯಪುರಕ್ಕೆ ಬಂದರು. 18,000 ರೂಪಾಯಿಯ ಫೋನ್ ತಗೊಂಡು ಹೋದರು. ಫೋನ್ ಚೆನ್ನಾಗಿದೆ. ಆದರೂ ಮೂರನೇ ದಿನ ನಿದ್ದೆ ಬರಲಿಲ್ಲ. ಇದು ಪಾಠಕ್ಕೆಂದು ಕಟ್ಟಿದ ಕಥೆ, ದರ ಮತ್ತು ಅಂಕಗಳೂ ಹಾಗೇ.

ಐದು ಹಂತ ಅಂದರೆ ಯಾವುವು? ಇದನ್ನು ಹೇಳಿದವರು ಯಾರು?

ಬೇಕು ಅನ್ನಿಸುವುದು, ವಿಚಾರಿಸುವುದು, ಇರುವುದರಲ್ಲಿ ತೂಗಿ ನೋಡುವುದು, ಕೊಳ್ಳುವುದು, ಕೊಂಡ ಮೇಲಿನ ನಡವಳಿಕೆ. ಇಷ್ಟೇ ಐದು. ಸಮಸ್ಯೆ ಬಂದಾಗ ಮನುಷ್ಯ ಹೇಗೆ ಯೋಚಿಸುತ್ತಾನೆ ಎಂದು ಅಮೆರಿಕದ ಜಾನ್ ಡ್ಯೂಯಿ 1910ರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟಿದ್ದರು. 1968ರಲ್ಲಿ ಎಂಗಲ್, ಕೊಲಾಟ್, ಬ್ಲ್ಯಾಕ್‌ವೆಲ್ ಎಂಬ ಮೂವರು ಅದೇ ಬಗೆಯ ಹೆಜ್ಜೆಗಳನ್ನು ಗ್ರಾಹಕರ ನಡವಳಿಕೆಯ ಪಾಠಕ್ಕೆ ತಂದರು.

ಪುಸ್ತಕದಲ್ಲಿ ಐದೂ ಸಾಲಾಗಿ ನಿಂತಿರುತ್ತವೆ. ಅಂಗಡಿಯಲ್ಲಿ ಹಾಗಿರಲ್ಲ. ಜನ ತೂಗಿ ನೋಡುತ್ತಾ ಮತ್ತೆ ವಿಚಾರಿಸಲು ಹೋಗುತ್ತಾರೆ, ಕೊಂಡ ಮೇಲೂ ತೂಗುತ್ತಾರೆ. ಉಪ್ಪು, ಬೆಂಕಿಪೊಟ್ಟಣ ಕೊಳ್ಳುವಾಗ ಮಧ್ಯದ ಎರಡು ಹಂತ ಇರುವುದೇ ಇಲ್ಲ. ಫೋನ್ ಹಾಗಲ್ಲ. ದುಡ್ಡು ದೊಡ್ಡದು, ನಾಲ್ಕೈದು ವರ್ಷಕ್ಕೊಮ್ಮೆ ಕೊಳ್ಳುವುದು, ನಾಲ್ಕು ಜನರ ಕಣ್ಣಿಗೆ ಬೀಳುವುದು. ಅದಕ್ಕೇ ಐದೂ ಹಂತ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಕಾಕಾನಿಗೆ ಹೊಸ ಫೋನ್ ಬೇಕು ಅನ್ನಿಸಿದ್ದು ಯಾವಾಗ?

ಹಳೆ ಫೋನ್ ಕೆಟ್ಟಾಗ ಅಲ್ಲ. ಅದು ಎರಡು ವರ್ಷದಿಂದ ಆಗಾಗ ನಿಂತು ನಿಂತು ನಡೆಯುತ್ತಿತ್ತು. ಕಾಕಾ ಸಹಿಸಿಕೊಂಡಿದ್ದರು. ಒಂದು ಬೆಳಗ್ಗೆ ಲಿಂಬೆ ಹರಿಸಿ, ಚೀಲದ ಫೋಟೊ ತೆಗೆದು ವ್ಯಾಪಾರಿಗೆ ವಾಟ್ಸಾಪ್ ಮಾಡಬೇಕಿತ್ತು. ಮೆಮೊರಿ ತುಂಬಿದೆ ಎಂದು ಕ್ಯಾಮೆರಾ ತೆರೆಯಲೇ ಇಲ್ಲ. ಅಳಿಸುತ್ತಾ ಕೂತಷ್ಟರಲ್ಲಿ ವ್ಯಾಪಾರಿ ಬೇರೆಯವರ ಮಾಲು ಹಿಡಿದಿದ್ದ.

ಇರುವ ಸ್ಥಿತಿಗೂ ಇರಬೇಕಾದ ಸ್ಥಿತಿಗೂ ಅಂತರ ಇದ್ದರೆ ಸಾಲದು. ಆ ಅಂತರ ಮನಸ್ಸಿಗೆ ಚುಚ್ಚಬೇಕು. ಆಗಲೇ ಮೊದಲ ಹಂತ ಶುರು. ಅಂತರ ಎರಡು ಕಡೆಯಿಂದ ಹಿಗ್ಗಬಹುದು. ಕಾಕಾನ ಹಾಗೆ ಕೈಯಲ್ಲಿದ್ದದ್ದು ಕೈಕೊಟ್ಟು ಹಿಗ್ಗುವುದು ಒಂದು. ಪಕ್ಕದವರ ಕೈಯಲ್ಲಿ ಹೊಸದು ಕಂಡು ಹಿಗ್ಗುವುದು ಇನ್ನೊಂದು. ಎರಡನೇ ಬಗೆಯಲ್ಲಿ ಕೊಂಡವರಿಗೆ ಮುಂದೆ ಕಷ್ಟ, ಯಾಕಂದ್ರೆ ಪಕ್ಕದವರು ಮತ್ತೆ ಹೊಸದು ತರುತ್ತಾರೆ.

ಈ ಹಂತದಲ್ಲೇ ಒಂದು ಕೆಲಸ ಮಾಡಿಟ್ಟರೆ ಆಮೇಲೆ ಉಪಯೋಗ. ಫೋನ್ ಯಾಕೆ ಬೇಕು ಎಂಬುದನ್ನು ಒಂದು ಸಾಲಲ್ಲಿ ಬರೆದಿಡುವುದು. ಕಾಕಾನ ಸಾಲು ಹೀಗಿರಬಹುದಿತ್ತು: ತೋಟದಲ್ಲಿ ಬಿಸಿಲಲ್ಲಿ ನಿಂತು ಫೋಟೊ ತೆಗೆದು, ಅಲ್ಲೇ ನೋಡಿ, ಅಲ್ಲಿಂದಲೇ ಕಳಿಸಬೇಕು, ಬೆಳಗ್ಗೆ ಹಾಕಿದ ಚಾರ್ಜ್ ರಾತ್ರಿ ತನಕ ಬರಬೇಕು.

ವಿಚಾರಿಸುವ ಹಂತದಲ್ಲಿ ಯಾರ ಮಾತು ನಡೆಯುತ್ತದೆ?

ಮನೆಯಲ್ಲಿ ಒಬ್ಬರೇ ಕೊಳ್ಳುವುದಿಲ್ಲ. ಬೇಕು ಅಂದವರು ಕಾಕಾ. ಯಾವುದು ಒಳ್ಳೆಯದು ಎಂದು ಹೇಳಿದ್ದು ಮಗ. ಎಷ್ಟರ ಒಳಗೆ ಎಂದು ಹೇಳಿದ್ದು ಮನೆಯಾಕೆ. ಬಳಸುವವರು ಕಾಕಾ, ರಾತ್ರಿ ಊಟ ಆದ ಮೇಲೆ ಮೊಮ್ಮಗಳು.

ಮೊದಲು ಮನುಷ್ಯ ತನ್ನ ನೆನಪನ್ನೇ ತಡಕುತ್ತಾನೆ. ಹಿಂದಿನ ಫೋನ್ ಯಾವ ಕಂಪನಿಯದು, ಎಷ್ಟು ವರ್ಷ ಬಾಳಿತು, ರಿಪೇರಿ ಎಲ್ಲಾಯ್ತು. ಅದು ಸಾಲದಿದ್ದರೆ ಹೊರಗೆ ಕೇಳುತ್ತಾನೆ: ಮಗ, ಬಸ್‌ಸ್ಟ್ಯಾಂಡಿನ ದೋಸ್ತ, ಯೂಟ್ಯೂಬ್, ಅಂಗಡಿಯ ಹುಡುಗ. ಮಾರುಕಟ್ಟೆಯಲ್ಲಿ ನೂರಾರು ಮಾಡೆಲ್ ಇದ್ದರೂ ತಲೆಯಲ್ಲಿ ಉಳಿಯುವುದು ಮೂರೋ ನಾಲ್ಕೋ. ಅವುಗಳಾಚೆಗಿನ ಫೋನ್ ಎಷ್ಟೇ ಒಳ್ಳೆಯದಿರಲಿ, ಸ್ಪರ್ಧೆಯಲ್ಲೇ ಇಲ್ಲ.

ಇಲ್ಲೊಂದು ಸಣ್ಣ ಎಚ್ಚರ. ಡಬ್ಬಿಯ ಮೇಲೆ 8+8 ಜಿಬಿ ರ‍್ಯಾಮ್ ಎಂದು ಬರೆದಿದ್ದರೆ ನಿಜವಾದ ರ‍್ಯಾಮ್ ಮೊದಲಿನ 8 ಮಾತ್ರ. ಮಿಕ್ಕ 8, ಫೋಟೊ ಇಡುವ ಸ್ಟೋರೇಜಿನಿಂದ ಎರವಲು ಪಡೆದದ್ದು, ಅದು ನಿಧಾನ. ಹಿಂದೆ ಮೂರು ಕ್ಯಾಮೆರಾ ಕಂಡರೆ ಅದರಲ್ಲೊಂದು 2 ಮೆಗಾಪಿಕ್ಸೆಲ್‌ನದ್ದಾಗಿರಬಹುದು, ಲೆಕ್ಕ ತುಂಬಿಸಲು ಇಟ್ಟದ್ದು. ಈ ಎರಡು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗದ್ದಲ ಕಡಿಮೆ.

ತೂಗಿ ನೋಡುವುದು ಅಂದರೆ ನಿಜವಾಗಿ ಏನು ಮಾಡುತ್ತೇವೆ?

ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಕಾಕಾ ಮತ್ತು ಮಗ ಎಲ್‌ಬಿಎಸ್ ಮಾರ್ಕೆಟ್ಟಿನ ಅಂಗಡಿಯೊಂದಕ್ಕೆ ಬಂದಾಗ ಕೊನೆಗೆ ಉಳಿದದ್ದು ಎರಡು. ಒಂದನ್ನು ಬ್ಯಾಟರಿ ಫೋನ್ ಅನ್ನೋಣ: 15,500 ರೂಪಾಯಿ, 6,000 ಎಂಎಎಚ್ ಬ್ಯಾಟರಿ, ಕೈಗೆ ಭಾರ, ಸ್ಕ್ರೀನ್ ಸಾಧಾರಣ. ಇನ್ನೊಂದು ಸ್ಕ್ರೀನ್ ಫೋನ್: 18,000 ರೂಪಾಯಿ, 5,000 ಎಂಎಎಚ್, ಬಿಸಿಲಲ್ಲೂ ಕಾಣುವ ಸ್ಕ್ರೀನ್, ಒಳ್ಳೆಯ ಕ್ಯಾಮೆರಾ.

ಮಗ ಒಂದು ಜಾಣತನ ಮಾಡಿದ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಸ್ಕ್ರೀನೂ ಚೆಂದ ಕಾಣುತ್ತವೆ. "ಹೊರಗ ಬಿಸಿಲಾಗ ಹಿಡದು ಮೊದಲ ನೋಡಪ್ಪಾ" ಅಂದ. ಅಂಗಡಿಯವರನ್ನು ಕೇಳಿ ಎರಡೂ ಡೆಮೊ ಪೀಸನ್ನು ಮೆಟ್ಟಿಲ ತನಕ ತಂದರು. ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. ಬ್ಯಾಟರಿ ಫೋನಿನಲ್ಲಿ ತಮ್ಮ ಮುಖವೇ ಕಾಣುತ್ತಿತ್ತು, ಅಕ್ಷರ ಕಾಣಲಿಲ್ಲ.

ಈಗ ಲೆಕ್ಕ. ಕಾಕಾನಿಗೆ ಬ್ಯಾಟರಿ ಎಷ್ಟು ಮುಖ್ಯ? ಹತ್ತರಲ್ಲಿ ನಾಲ್ಕು ಪಾಲು. ಬಿಸಿಲಲ್ಲಿ ಸ್ಕ್ರೀನ್ ಮೂರು ಪಾಲು, ಕ್ಯಾಮೆರಾ ಎರಡು, ಕೈಯಲ್ಲಿ ಹಿಡಿಯುವ ಹಿತ ಒಂದು. ಆಮೇಲೆ ಪ್ರತಿ ಫೋನಿಗೂ ಪ್ರತಿ ಗುಣಕ್ಕೆ ಹತ್ತಕ್ಕೆ ಅಂಕ ಕೊಟ್ಟು ಪಾಲಿನಿಂದ ಗುಣಿಸಬೇಕು.

ಬ್ಯಾಟರಿ ಫೋನಿಗೆ ಬ್ಯಾಟರಿಯಲ್ಲಿ 9, ಸ್ಕ್ರೀನಿಗೆ 5, ಕ್ಯಾಮೆರಾಕ್ಕೆ 5, ಹಿತಕ್ಕೆ 4. ಗುಣಿಸಿದರೆ 36, 15, 10, 4. ಒಟ್ಟು 65.

ಸ್ಕ್ರೀನ್ ಫೋನಿಗೆ 7, 8, 8, 8. ಗುಣಿಸಿದರೆ 28, 24, 16, 8. ಒಟ್ಟು 76.

ಸ್ಕ್ರೀನ್ ಫೋನ್ ಗೆದ್ದಿತು. ಈ ರೀತಿಯಲ್ಲಿ ಒಂದು ಗುಣದ ಕೊರತೆಯನ್ನು ಇನ್ನೊಂದು ಗುಣ ತುಂಬಿಕೊಡುತ್ತದೆ. ಬ್ಯಾಟರಿ ಸ್ವಲ್ಪ ಕಡಿಮೆ ಇದ್ದರೂ ಸ್ಕ್ರೀನ್ ಕಾಪಾಡಿತು.

ಆದರೆ ಎಲ್ಲರೂ ಹೀಗೆ ತೂಗುವುದಿಲ್ಲ. ಇನ್ನೊಂದು ರೀತಿ ಇದೆ. ಯಾವುದು ಎಲ್ಲಕ್ಕಿಂತ ಮುಖ್ಯವೋ ಅದೊಂದನ್ನೇ ನೋಡುವುದು, ಅದರಲ್ಲಿ ಗೆದ್ದದ್ದೇ ಗೆದ್ದಂತೆ. ಸಮ ಬಂದರೆ ಮಾತ್ರ ಮುಂದಿನ ಗುಣಕ್ಕೆ ಹೋಗುವುದು. ಕಾಕಾನಿಗೆ ಮೊದಲ ಗುಣ ಬ್ಯಾಟರಿ. ಈ ರೀತಿಯಲ್ಲಿ ನೋಡಿದರೆ 9ಕ್ಕೆ 7, ಬ್ಯಾಟರಿ ಫೋನೇ ಗೆಲ್ಲುತ್ತದೆ. ಅಂಕ ಅವೇ, ಆಸೆ ಅವೇ, ಫಲಿತಾಂಶ ಉಲ್ಟಾ.

ಹಳಹಳಿಯ ಬೀಜ ಬೀಳುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕೊಳ್ಳುವಾಗ ಒಂದು ತಕ್ಕಡಿ, ಕೊಂಡ ಮೇಲೆ ಇನ್ನೊಂದು ತಕ್ಕಡಿ. ಅಂಗಡಿಯಲ್ಲಿ ಕಾಕಾ ನಾಲ್ಕೂ ಗುಣ ಸೇರಿಸಿ ತೂಗಿದರು. ಊರಿಗೆ ಹೋದ ಮೇಲೆ ಯಾರೋ ಬ್ಯಾಟರಿಯೊಂದನ್ನೇ ಹಿಡಿದು ತೂಗಿದರು, ಕಾಕಾನೂ ಆ ತಕ್ಕಡಿಗೆ ಹತ್ತಿದರು.

ಅಂಗಡಿಯವರು ಕೇಳದಿದ್ದರೂ ಮೂರನೇ ಫೋನ್ ತೋರಿಸುತ್ತಾರಲ್ಲ, ಅದು ಯಾಕೆ?

ಸ್ಟಾಕ್ ಖಾಲಿ ಮಾಡಲು ಇರಬಹುದು. ಇನ್ನೊಂದು ಪರಿಣಾಮವೂ ಇದೆ. ಸ್ಕ್ರೀನ್ ಫೋನಿನ ಪಕ್ಕ 18,500 ರೂಪಾಯಿಯ ಇನ್ನೊಂದು ಇಟ್ಟರು ಅನ್ನಿ. ಎಲ್ಲದರಲ್ಲೂ ಸ್ಕ್ರೀನ್ ಫೋನಿಗಿಂತ ಒಂದು ಕೈ ಕಡಿಮೆ, ದರ ಮಾತ್ರ ಜಾಸ್ತಿ. ಅದನ್ನು ಯಾರೂ ಕೊಳ್ಳಲ್ಲ. ಆದರೆ ಅದು ಪಕ್ಕದಲ್ಲಿ ಇರುವುದರಿಂದಲೇ ಸ್ಕ್ರೀನ್ ಫೋನ್ ಅಗ್ಗವೂ ಒಳ್ಳೆಯದೂ ಆಗಿ ಕಾಣುತ್ತದೆ. ಜೋಯೆಲ್ ಹ್ಯೂಬರ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ತೋರಿಸಿಕೊಟ್ಟರು. ಮೂರನೆಯದನ್ನು ಕೈಯಿಂದ ಮುಚ್ಚಿ ಮಿಕ್ಕ ಎರಡನ್ನೇ ನೋಡಿ. ಆಗಲೂ ಅದೇ ಬೇಕು ಅನ್ನಿಸಿದರೆ ಸರಿ.

ಮನಸ್ಸು ಮಾಡುವುದಕ್ಕೂ ದುಡ್ಡು ಕೊಡುವುದಕ್ಕೂ ವ್ಯತ್ಯಾಸ ಇದೆಯಾ?

ಇದೆ. ಮನಸ್ಸು ಮಾಡಿದ ಮೇಲೂ ಕೈ ತಡೆಯುವ ಎರಡು ಸಂಗತಿ ಇರುತ್ತವೆ: ಬೇರೆಯವರ ಮಾತು, ಮತ್ತು ನಿರೀಕ್ಷೆ ಇಲ್ಲದೆ ಎದುರಾಗುವ ಅಡ್ಡಿ. ಕಾಕಾನ ಹತ್ತಿರ ಇದ್ದದ್ದು 15,000. ಮಿಕ್ಕ 3,000 ಎಲ್ಲಿಂದ? ಅಷ್ಟರಲ್ಲಿ ಅಂಗಡಿಯ ಹುಡುಗ, "ಕಾಕಾರ, ಇದು ಒಂದ ಪೀಸ್ ಉಳದದ ನೋಡ್ರಿ, ನಾಳೆ ಬಂದ್ರ ಸಿಗಂಗಿಲ್ಲ. ಇಎಂಐ ಮಾಡ್ಸೂಣು, ಬಡ್ಡಿನ ಇಲ್ಲ" ಅಂದ. ಅಡ್ಡಿ ಹೋಯಿತು.

ಬಡ್ಡಿ ಇಲ್ಲದ ಕಂತು ಅನ್ನುವುದನ್ನು ಒಮ್ಮೆ ಬಿಡಿಸಿ ನೋಡಿ. ತಿಂಗಳಿಗೆ 3,000ದಂತೆ ಆರು ಕಂತು, ಒಟ್ಟು 18,000. ಸರಿಯೇ ಇದೆ. ಆದರೆ ಅದೇ ಅಂಗಡಿ ನಗದು ಕೊಟ್ಟರೆ 800 ಬಿಡುತ್ತಿತ್ತು ಅನ್ನಿ. ಮೇಲೆ ಪ್ರೊಸೆಸಿಂಗ್ ಫೀ 199, ಅದರ ಮೇಲೆ ಶೇ. 18 ಜಿಎಸ್‌ಟಿ, ಸೇರಿ ಸುಮಾರು 235. ಒಟ್ಟು 1,035 ರೂಪಾಯಿ ಜಾಸ್ತಿ ಹೋಯಿತು. ಸಾಲ ಆರೇ ತಿಂಗಳು, ಅದೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ. 20ರ ಬಡ್ಡಿ. ಆದ್ದರಿಂದ ಕಂತಿನ ಮಾತು ಎತ್ತುವ ಮೊದಲೇ "ನಗದಾದ್ರ ಎಷ್ಟಕ್ಕ ಕೊಡ್ತೀರಿ?" ಅಂತ ಕೇಳಬೇಕು. ಕಂತು ತಪ್ಪು ಅಂತಲ್ಲ, ಲಿಂಬೆ ದುಡ್ಡು ಬರುವ ತನಕ ಅದು ಬೇಕಾಗಬಹುದು. ಬೆಲೆ ಗೊತ್ತಿದ್ದು ಕೊಂಡರೆ ಆಮೇಲೆ ಕಸಿವಿಸಿ ಕಡಿಮೆ.

ಒಂದೇ ಪೀಸ್ ಅನ್ನುವ ಮಾತು ಎದುರಿಗಿನ ಅಂಗಡಿಯಲ್ಲಿ ನಿಜವೂ ಇರಬಹುದು. ಆನ್‌ಲೈನ್‌ನಲ್ಲಿ ಸುಳ್ಳು ಅವಸರ ಹುಟ್ಟಿಸುವುದನ್ನು ಮಾತ್ರ ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ಕೇಳದೆಯೇ ಬುಟ್ಟಿಗೆ ವಿಮೆ ಹಾಕುವುದೂ ಅದೇ ಪಟ್ಟಿಯಲ್ಲಿದೆ.

ಫೋನ್ ಚೆನ್ನಾಗಿದ್ದರೂ ಹಳಹಳಿ ಯಾಕೆ ಬರುತ್ತದೆ?

ಮೂರನೇ ದಿನ ಬೀಗರ ಮನೆಯವರೊಬ್ಬರು ಬಂದರು. ಫೋನ್ ತಿರುಗಿಸಿ ನೋಡಿ, "ಹದಿನೆಂಟು ಸಾವಿರ ಕೊಟ್ರ್ಯಾ? ನಮ್ಮ ಅಳಿಯ ಹದಿನೈದೂವರಿಗೆ ತಂದಾನ. ಎರಡ ದಿನ ಚಾರ್ಜ್ ನಿಲ್ತದ" ಅಂದರು. ಚಹಾ ಕುಡಿದು ಹೋದರು. ಅವರು ಹೇಳಿದ್ದು ಆ ಬ್ಯಾಟರಿ ಫೋನನ್ನೇ.

ಈಗ ಕಾಕಾನ ತಲೆಯಲ್ಲಿ ಎರಡು ಮಾತು ಜಗಳಕ್ಕೆ ಬಿದ್ದವು. ಒಂದು, ನಾನು ವ್ಯವಹಾರ ತಿಳಿದವನು. ಇನ್ನೊಂದು, ನಾನು 2,500 ಜಾಸ್ತಿ ಕೊಟ್ಟು ಕಡಿಮೆ ಬ್ಯಾಟರಿ ತಂದೆ. ಎರಡೂ ಒಟ್ಟಿಗೆ ಇರಲಾರವು. ಇಂಥ ಹೊಂದದ ಎರಡು ಅರಿವುಗಳು ಕೊಡುವ ಕಿರಿಕಿರಿಯನ್ನು ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಕಾಗ್ನಿಟಿವ್ ಡಿಸೊನೆನ್ಸ್ ಎಂದು ಕರೆದರು. ಅವರ ಮಾತಿನ ತಿರುಳು ಇಷ್ಟು: ಮನುಷ್ಯ ಈ ಕಿರಿಕಿರಿಯನ್ನು ಹಾಗೇ ಬಿಟ್ಟುಕೊಳ್ಳಲ್ಲ. ಹಸಿವಾದರೆ ಊಟ ಹುಡುಕುವಂತೆ ಇದನ್ನು ಕಡಿಮೆ ಮಾಡಲು ಏನಾದರೂ ಮಾಡುತ್ತಾನೆ.

ಗಮನಿಸಿ, ಕಾಕಾನನ್ನು ಕಾಡಿದ್ದು ಕೈಯಲ್ಲಿದ್ದ ಫೋನ್ ಅಲ್ಲ. ಬಿಟ್ಟುಬಂದ ಫೋನ್. ಆರಿಸಿದ್ದರಲ್ಲಿ ಇರುವ ಕೊರತೆ, ಬಿಟ್ಟಿದ್ದರಲ್ಲಿ ಇದ್ದ ಗುಣ, ಈ ಎರಡೂ ಕೂಡಿಯೇ ಕಾಡುತ್ತವೆ. ಅದಕ್ಕೇ ಆಯ್ಕೆ ಸಮಸಮ ಇದ್ದಷ್ಟೂ ಹಳಹಳಿ ಜಾಸ್ತಿ. ಒಂದು ಫೋನ್ ಎಲ್ಲದರಲ್ಲೂ ಮುಂದಿದ್ದರೆ ಕಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಇದು ಎಲ್ಲರಿಗೂ, ಎಲ್ಲ ವಸ್ತುವಿಗೂ ಆಗುತ್ತದೆಯೇ?

ಇಲ್ಲ. ದುಡ್ಡು ದೊಡ್ಡದಿರಬೇಕು, ಆಯ್ಕೆ ನಮ್ಮದೇ ಆಗಿರಬೇಕು, ವಾಪಸ್ ಕೊಡಲು ಸುಲಭವಿರಬಾರದು, ಬಿಟ್ಟದ್ದರಲ್ಲೂ ಒಳ್ಳೆಯ ಗುಣ ಇರಬೇಕು. ಮಗನೇ ತಂದು ಕೈಗಿಟ್ಟಿದ್ದರೆ ಕಾಕಾನಿಗೆ ಸಿಟ್ಟು ಬರುತ್ತಿತ್ತೇ ಹೊರತು ಹಳಹಳಿ ಬರುತ್ತಿರಲಿಲ್ಲ. ಇನ್ನು ಅತಿ ಒಳ್ಳೆಯದೇ ಬೇಕು ಎಂದು ಹತ್ತು ಅಂಗಡಿ ತಿರುಗುವವರಿಗೆ, ಸಾಕಷ್ಟು ಒಳ್ಳೆಯದು ಸಿಕ್ಕ ಕೂಡಲೇ ನಿಲ್ಲಿಸುವವರಿಗಿಂತ ಕಸಿವಿಸಿ ಜಾಸ್ತಿ. ಸಾಕು ಅನ್ನುವ ಮಟ್ಟಕ್ಕೆ ನಿಲ್ಲುವ ಈ ಎರಡನೇ ಬಗೆಯನ್ನು ಮೊದಲು ವಿವರಿಸಿದವರು ಹರ್ಬರ್ಟ್ ಸೈಮನ್.

ಹಳಹಳಿ ತಾನಾಗಿಯೇ ಹೋಗುತ್ತದೆಯಾ? ಜನ ಅದನ್ನು ಹೇಗೆ ಕಳೆದುಕೊಳ್ಳುತ್ತಾರೆ?

ಬಹಳ ಸಲ ಹೋಗುತ್ತದೆ. ಜ್ಯಾಕ್ ಬ್ರೆಹ್ಮ್ 1956ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಮಹಿಳೆಯರಿಗೆ ಎಂಟು ಮನೆಬಳಕೆ ವಸ್ತು ತೋರಿಸಿ, ಎಷ್ಟು ಇಷ್ಟ ಎಂದು ಅಂಕ ಕೊಡಿಸಿದರು. ಆಮೇಲೆ ಎರಡನ್ನು ಮುಂದಿಟ್ಟು, ಒಂದು ಆರಿಸಿಕೊಳ್ಳಿ ಅಂದರು. ಮತ್ತೆ ಅಂಕ ಕೊಡಿಸಿದಾಗ ಆರಿಸಿದ್ದಕ್ಕೆ ಅಂಕ ಏರಿತ್ತು, ಬಿಟ್ಟದ್ದಕ್ಕೆ ಇಳಿದಿತ್ತು. 1957ರ ಇನ್ನೊಂದು ಅಧ್ಯಯನದಲ್ಲಿ ಹೊಸ ಕಾರು ಕೊಂಡವರು ತಾವು ಕೊಂಡ ಕಾರಿನ ಜಾಹೀರಾತನ್ನೇ ಜಾಸ್ತಿ ಓದುತ್ತಿದ್ದರು. ಕಾರು ಮನೆಯಲ್ಲೇ ಇದೆ, ಆದರೂ ಜಾಹೀರಾತು ಓದುತ್ತಾರೆ! ಈಗ ಫೋನ್ ತಗೊಂಡವರು ಅದೇ ಫೋನಿನ ವಿಡಿಯೊ ನೋಡುವುದೂ ಇದೇ. "ನೋಡು, ಇವನೂ ಛಲೋ ಅಂದಾನ" ಎಂದು ಮನೆಯವರಿಗೆ ತೋರಿಸುವುದೂ ಇದೇ.

ಬ್ರೆಹ್ಮ್ ಅವರ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಕೀತ್ ಚೆನ್ ಮತ್ತು ಜೇನ್ ರೈಸನ್ 2010ರಲ್ಲಿ ಒಂದು ಒಳ್ಳೆಯ ತಕರಾರು ತೆಗೆದರು. ಮೊದಲ ಅಂಕ ಯಾವತ್ತೂ ನಿಖರವಾಗಿರಲ್ಲ. ಆ ವಸ್ತು ಆರಿಸಿಕೊಂಡಳು ಅಂದರೆ ಮೊದಲೇ ಅದು ಅವಳಿಗೆ ಅಂಕಕ್ಕಿಂತ ಸ್ವಲ್ಪ ಜಾಸ್ತಿ ಇಷ್ಟ ಇತ್ತು ಅಂತಲೂ ಆಗಬಹುದು. ಹಾಗಾಗಿ ಅಂಕದ ಅಂತರ ಹಿಗ್ಗಿದ್ದೆಲ್ಲ ಮನಸ್ಸು ಬದಲಾದದ್ದಲ್ಲ. ಪರೀಕ್ಷೆಯಲ್ಲಿ ಈ ಎರಡು ಸಾಲು ಬರೆದರೆ ನಾನಂತೂ ಅಂಕ ಜಾಸ್ತಿ ಕೊಡುತ್ತೇನೆ.

ಹಳಹಳಿ ಬೆಳೆಸುವ ಒಂದು ಚಟವೂ ಇದೆ. ಕೊಂಡ ಮೇಲೂ ದಿನಾ ಆ್ಯಪ್ ತೆರೆದು ದರ ಇಳಿಯಿತೇ ಎಂದು ನೋಡುವುದು. ಫೋನಿನ ದರ ಇಳಿಯುತ್ತಲೇ ಹೋಗುತ್ತದೆ. ಹಬ್ಬದ ಸೇಲ್ ಬಂದಾಗಂತೂ ಇಳಿಯದೆ ಇರಲ್ಲ. ದರದ ಸೂಚನೆ ಬರುವಂತೆ ಇಟ್ಟಿದ್ದರೆ ಕೊಂಡ ದಿನವೇ ತೆಗೆದುಹಾಕಿ.

ನನ್ನದು ಬರೀ ಹಳಹಳಿಯೋ, ಫೋನೇ ಸರಿ ಇಲ್ಲವೋ? ಹೇಗೆ ಗೊತ್ತಾಗುತ್ತದೆ?

ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಬುಟ್ಟಿಗೆ ಹಾಕುತ್ತಾರೆ. ಹಳಹಳಿ, ನಿರಾಸೆ, ದೋಷ. ಮೂರಕ್ಕೂ ಮದ್ದು ಬೇರೆ.

ಹಳಹಳಿ ಆದರೆ ಮಾತಿನಲ್ಲಿ ಬೇರೆ ಫೋನ್ ಇರುತ್ತದೆ. "ಅದನ್ನ ತಗೊಂಡಿದ್ರ ಛಲೋ ಆಗ್ತಿತ್ತು" ಅನ್ನುತ್ತಾರೆ. ಆಗ ಮೊದಲ ಹಂತದಲ್ಲಿ ಬರೆದಿಟ್ಟ ಆ ಒಂದು ಸಾಲನ್ನು ತೆಗೆದು ಓದಿ. ಕಾಕಾನ ಸಾಲಿನಲ್ಲಿ ಎರಡು ದಿನದ ಚಾರ್ಜ್ ಇರಲೇ ಇಲ್ಲ. ರಾತ್ರಿ ತನಕ ಬಂದರೆ ಸಾಕಿತ್ತು, ಬರುತ್ತಿದೆ. ಬಿಸಿಲಲ್ಲಿ ಫೋಟೊ ಕಾಣಬೇಕಿತ್ತು, ಕಾಣುತ್ತಿದೆ. ಅಳಿಯನ ಫೋನನ್ನು ಒಮ್ಮೆ ತೋಟಕ್ಕೆ ತರಿಸಿ ಮಧ್ಯಾಹ್ನದ ಬಿಸಿಲಲ್ಲಿ ಹಿಡಿದು ನೋಡಿದರೆ ಇನ್ನೂ ಒಳ್ಳೆಯದು.

ನಿರಾಸೆ ಬೇರೆ. ಇಲ್ಲಿ ಹೋಲಿಕೆ ಬೇರೆ ಫೋನಿಗಲ್ಲ, ನಮ್ಮದೇ ನಿರೀಕ್ಷೆಗೆ. ರಿಚರ್ಡ್ ಆಲಿವರ್ 1980ರಲ್ಲಿ ಹೇಳಿದ್ದು ಇದನ್ನೇ: ಸಿಕ್ಕದ್ದು ನಿರೀಕ್ಷೆಗಿಂತ ಮೇಲಿದ್ದರೆ ತೃಪ್ತಿ, ಕೆಳಗಿದ್ದರೆ ಅತೃಪ್ತಿ. ಹಾಗಾಗಿ ಒಂದೇ ಫೋನ್ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಬೇಜಾರು. ಫೋನಿನಲ್ಲಿ ಎರಡು ನಿರಾಸೆ ತೀರಾ ಸಾಮಾನ್ಯ. 128 ಜಿಬಿ ಅಂದಿದ್ದರು, ಖಾಲಿ ಜಾಗ ಅಷ್ಟು ಇಲ್ಲವಲ್ಲ? ಫೋನಿನ ಸಾಫ್ಟ್‌ವೇರೇ ಒಂದಷ್ಟು ಜಾಗ ಹಿಡಿದಿರುತ್ತದೆ, ಅದು ಮೋಸ ಅಲ್ಲ. ಇನ್ನೊಂದು, ಮೊದಲ ಎರಡು ಮೂರು ದಿನ ಬ್ಯಾಟರಿ ಬೇಗ ಇಳಿಯುವುದು. ಹಳೆ ಫೋನಿನ ಫೋಟೊಗಳು ಬರುತ್ತಿರುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ, ಮನೆಮಂದಿಯೆಲ್ಲ ಕೈಗೆತ್ತಿಕೊಂಡು ನೋಡುತ್ತಿರುತ್ತಾರೆ. ತೋಟದಲ್ಲಿ ಸಿಗ್ನಲ್ ಕಡಿಮೆ ಇದ್ದರೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಅಲ್ಲಿ 5ಜಿ ಇಲ್ಲವಾದರೆ ಸೆಟ್ಟಿಂಗ್‌ನಲ್ಲಿ 4ಜಿ ಮಾತ್ರ ಎಂದು ಇಡಿ. ಒಂದು ವಾರ ಬಿಟ್ಟು ತೀರ್ಮಾನ ಮಾಡಿ.

ದೋಷ ಮಾತ್ರ ವಾರ ಕಾಯುವ ವಿಷಯ ಅಲ್ಲ. ಸುಮ್ನೆ ಇಟ್ಟಾಗಲೂ ಮೈ ಸುಡುವುದು, ತಾನೇ ಆಫ್ ಆಗುವುದು, ಸ್ಕ್ರೀನಿನ ಒಂದು ಜಾಗದಲ್ಲಿ ಟಚ್ ಹಿಡಿಯದಿರುವುದು, ಸಿಮ್ ಹಾಕಿದರೂ ಕಾಣದಿರುವುದು, ಇವು ದೋಷ. ವಿಡಿಯೊ ಮಾಡಿಟ್ಟುಕೊಂಡು ಅದೇ ದಿನ ಅಂಗಡಿಗೆ ಹೋಗಿ. ಕೊಂಡ ದಿನವೇ ಇನ್ನೊಂದು ಕೆಲಸ ಮುಗಿಸಿರಬೇಕು. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದೇ ಇದೆಯೇ ನೋಡಿ. KYM ಎಂದು ಟೈಪ್ ಮಾಡಿ, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಸಂಖ್ಯೆಯ ಫೋನ್ ಯಾವ ಕಂಪನಿಯದು, ಯಾವ ಮಾಡೆಲ್ ಎಂದು ತಿಳಿಯುತ್ತದೆ.

ವಾಪಸ್ ಕೊಡುವ ಅವಕಾಶ ಇದ್ದರೆ ಹಳಹಳಿ ಕಡಿಮೆ ಆಗುತ್ತದೆ ಅಲ್ವಾ?

ಹಾಗೆ ಅನ್ನಿಸುತ್ತದೆ. ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ 2002ರಲ್ಲಿ ಕಂಡದ್ದು ಉಲ್ಟಾ. ವಿದ್ಯಾರ್ಥಿಗಳು ತಾವೇ ತೆಗೆದ ಎರಡು ಫೋಟೊಗಳಲ್ಲಿ ಒಂದನ್ನು ಇಟ್ಟುಕೊಳ್ಳಬೇಕಿತ್ತು. ಕೆಲವರಿಗೆ, ಆಮೇಲೆ ಬದಲಾಯಿಸಿಕೊಳ್ಳಬಹುದು ಅಂದರು. ಕೆಲವರಿಗೆ, ಈಗ ಕೊಟ್ಟದ್ದೇ ಕಡೆ ಅಂದರು. ಬದಲಾಯಿಸುವ ದಾರಿ ಇಲ್ಲದವರೇ ತಮ್ಮ ಫೋಟೊವನ್ನು ಜಾಸ್ತಿ ಮೆಚ್ಚಿದರು. ದಾರಿ ತೆರೆದಿದ್ದರೆ ಮನಸ್ಸು ತೂಗುತ್ತಲೇ ಇರುತ್ತದೆ, ಮುಚ್ಚಿದ ಮೇಲೆ ಇದ್ದದ್ದರಲ್ಲಿ ಒಳ್ಳೆಯದು ಹುಡುಕುತ್ತದೆ.

ಹಾಗಂತ ವಾಪಸ್ ಅವಕಾಶ ಬಿಟ್ಟುಕೊಡಬೇಡಿ. ದೋಷ ಇದ್ದರೆ ಅದು ಬೇಕೇ ಬೇಕು. ಆ ದಿನಗಳನ್ನು ಫೋನ್ ಪರೀಕ್ಷೆ ಮಾಡಲು ಬಳಸಿ, ಬಿಟ್ಟ ಫೋನಿನ ವಿಡಿಯೊ ನೋಡಲು ಅಲ್ಲ.

ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರೆ ಕಾನೂನು ಏನು ಹೇಳುತ್ತದೆ?

ಮನಸ್ಸು ಬದಲಾಯಿತು ಅನ್ನುವ ಕಾರಣಕ್ಕೆ ಅಂಗಡಿಯವರು ವಾಪಸ್ ತಗೊಳ್ಳಲೇಬೇಕು ಎಂಬ ಕಾನೂನು ಇಲ್ಲ. ಆನ್‌ಲೈನ್‌ನಲ್ಲೂ ಅದು ಮಾರುವವರ ಷರತ್ತಿನ ಮೇಲೆ ನಿಂತದ್ದು. ಫೋನಿಗೆ ಹಣ ವಾಪಸ್ ಬದಲು ಬೇರೆ ಪೀಸ್ ಕೊಡುವುದೇ ಜಾಸ್ತಿ, ಆದ್ದರಿಂದ ಆರ್ಡರ್ ಮಾಡುವ ಮೊದಲೇ ಆ ಷರತ್ತು ಓದಿ.

ದೋಷದ ಮಾಲಿನ ವಿಷಯ ಬೇರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡದಿದ್ದರೆ ಅದು ಅನ್ಯಾಯದ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೇ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರು ಎಲ್ಲೇ ಇರಲಿ. 5 ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಕೊಂಡ ಮೇಲಿನ ಹಂತದಲ್ಲಿ ಅಂಗಡಿಯವರಿಗೆ ಏನು ಕೆಲಸ?

ಬಹಳ ಅಂಗಡಿಗಳು ಬಿಲ್ ಹರಿದುಕೊಟ್ಟಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತವೆ. ಹಳಹಳಿ ಬರುವುದು ಮನೆಗೆ ಹೋದ ಮೇಲೆ, ಮೊದಲ ವಾರದಲ್ಲಿ. ಆ ವಾರದಲ್ಲಿ ಒಂದು ಫೋನ್ ಕರೆ ಸಾಕು. "ಕಾಕಾರ, ಬಿಸಿಲಾಗ ಸ್ಕ್ರೀನ್ ಛಲೋ ಕಾಣಾಕತ್ತದಿಲ್ಲೋ? ಬ್ಯಾಟರಿ ಎಷ್ಟ ತಾಸು ಬರ್ತದ?" ಅಂತ ಕೇಳಿದರೆ, ಕಾಕಾ ತಾವು ಯಾಕೆ ಈ ಫೋನ್ ಆರಿಸಿದೆವು ಎಂಬುದನ್ನು ತಾವೇ ಬಾಯಿಬಿಟ್ಟು ಹೇಳುತ್ತಾರೆ. ಅವರ ಕಾರಣವನ್ನು ಅವರಿಂದಲೇ ಹೇಳಿಸುವುದು ಅಂಗಡಿಯವರು ನೂರು ಸಲ ಹೊಗಳುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೌಂಟರಿನಲ್ಲಿ ಎರಡು ದಿನ ಚಾರ್ಜ್ ಬರ್ತದೆ ಎಂದು ಹೇಳಿ ಮಾರಿದ್ದರೆ ಈ ಕರೆ ಉಪಯೋಗಕ್ಕೆ ಬರಲ್ಲ. ಆ ಒಂದು ಮಾತು ಮಾರಾಟ ತರುತ್ತದೆ, ಮೂರನೇ ದಿನ ನಿರಾಸೆಯನ್ನೂ ತರುತ್ತದೆ. ಒಂದು ದಿನ ಆರಾಮಾಗಿ ಬರ್ತದೆ ಎಂದು ಹೇಳಿ, ಮರುದಿನ ಬೆಳಗ್ಗೆಗೂ ಸ್ವಲ್ಪ ಉಳಿದಿದ್ದರೆ ಅದೇ ಗಿರಾಕಿ ಬೀಗರ ಮುಂದೆ ಆ ಫೋನಿನ ಪರ ವಾದ ಮಾಡುತ್ತಾರೆ. ಇನ್ನು ಆ ಕರೆಯಲ್ಲೇ ಹೊಸ ಇಯರ್‌ಫೋನ್ ಮಾರಲು ಹೊರಟರೆ, ಕಾಕಾ ಮುಂದಿನ ಸಲ ಆ ನಂಬರ್ ಎತ್ತುವುದಿಲ್ಲ.